ಹುಲ್ಲು ಬರೆದಾಕೆಯ ನಿವಾಸಿ ಪತ್ರ

ಚಾಮರಾಜಪೇಟೆಯಲ್ಲಿ ಬೈಂಡಿಂಗ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಮೂವತ್ತೆರಡು ವರ್ಷ ಕೂತು ಊರಿನವರ ಆದಾಯ ತೆರಿಗೆ ರಿಟರ್ನ್ ತುಂಬಿದವನು ನಾನು. ಹೆಸರು ಹನುಮಂತಯ್ಯ. ನನಗೆ ಸಿಟ್ಟು ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ, ಹೇಳಲಿ. ಬ್ಯಾಂಕ್ ಪಾಸ್‌ಬುಕ್ಕನ್ನು ಜೇಬಿನಲ್ಲಿ ಮಡಚಿಟ್ಟುಕೊಂಡು ಬರುವವರನ್ನು, ಜುಲೈ ಮೂವತ್ತೊಂದರ ಸಂಜೆ ಬಂದು ‘ಇವತ್ತೇ ಆಗ್ಬೇಕು’ ಅನ್ನುವವರನ್ನು ನಾನು ಬೈದಿದ್ದೇನೆ, ಮುಂದೆಯೂ ಬೈಯುತ್ತೇನೆ. ಆದರೆ ಬೈಸಿಕೊಳ್ಳಬೇಕಾದವನು ನಾನೇ ಆಗಿದ್ದ ಒಂದು ಕೆಲಸವಿದೆ. ಆವತ್ತು ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

ಆಂಡಾಳ್ ಮಲ್ಲೇಶ್ವರದ ಎಂಟನೇ ಕ್ರಾಸಿನವಳು, ನನ್ನ ಗೆಳೆಯ ಶೀನಣ್ಣನ ಹೆಂಡತಿ. ಶೀನಣ್ಣನೂ ನಾನೂ ಒಂದೇ ಹೈಸ್ಕೂಲು. ಅವನು ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಅಧಿಕಾರಿಯಾಗಿ ನಿವೃತ್ತನಾದ. ಮಕ್ಕಳಿಲ್ಲ. ಆಂಡಾಳ್‌ಗೆ ಚಿಕ್ಕಂದಿನಿಂದ ಹೃದಯದ ಕವಾಟದ ತೊಂದರೆ, ನಾಲ್ಕು ಮೆಟ್ಟಿಲು ಹತ್ತಿದರೆ ಒಮ್ಮೆ ನಿಂತು ಉಸಿರು ತೆಗೆದುಕೊಳ್ಳಬೇಕು. ನಾನು ಅವಳನ್ನು ಅತ್ತಿಗೆ ಅನ್ನುತ್ತಿದ್ದೆ, ವಯಸ್ಸಿನಲ್ಲಿ ನನಗಿಂತ ಮೂರು ವರ್ಷ ಚಿಕ್ಕವಳಾದರೂ.

ಅತ್ತಿಗೆ ಹುಲ್ಲಿನ ಚಿತ್ರ ಬರೆಯುತ್ತಿದ್ದಳು. ಹೂವಲ್ಲ, ದೇವರಲ್ಲ, ಹುಲ್ಲು. ಅವರಪ್ಪ ಮಿಡ್ಲ್ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು, ಪೆನ್ಸಿಲ್ ಹಿಡಿಯುವುದು ಅವರಿಂದ ಬಂದದ್ದು. ಮಲ್ಲೇಶ್ವರದ ಖಾಲಿ ಸೈಟುಗಳಲ್ಲಿ, ಚರಂಡಿ ಕಲ್ಲಿನ ಸಂದಿಯಲ್ಲಿ, ರೈಲ್ವೆ ಹಳಿಯ ಪಕ್ಕ ಬೆಳೆಯುವುದನ್ನೆಲ್ಲ ಕಿತ್ತು ತಂದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಭೂತಗನ್ನಡಿ ಇಟ್ಟುಕೊಂಡು ಒಂದೊಂದು ಕಾಳನ್ನೂ ನೋಡಿ ಬರೆಯುತ್ತಿದ್ದಳು. ಸಸ್ಯಶಾಸ್ತ್ರ ಓದಲು ಬಂದ ಜರ್ಮನಿಯ ಒಬ್ಬ ಮೇಷ್ಟ್ರು ಅದನ್ನು ಕಂಡು ಬೆರಗಾಗಿ, ತನ್ನ ಪುಸ್ತಕಕ್ಕೆ ನಲವತ್ತು ಚಿತ್ರ ಬರೆಸಿಕೊಂಡ. ಅಲ್ಲಿನ ಪ್ರಕಾಶಕರು ಒಪ್ಪಂದ ಮಾಡಿಕೊಂಡರು. ಚಿತ್ರ ಬಳಸಿಕೊಂಡದ್ದಕ್ಕೆ ಪ್ರತಿ ವರ್ಷ ಮೇ ತಿಂಗಳಲ್ಲಿ ರಾಯಧನ. ಒಪ್ಪಂದ ಆಂಡಾಳ್ ಹೆಸರಿನಲ್ಲಿ, ಹಣ ಬಂದು ಬೀಳುತ್ತಿದ್ದದ್ದು ಗಂಡ ಹೆಂಡತಿಯ ಜಂಟಿ ಖಾತೆಗೆ.

ತೊಂಬತ್ತೆಂಟರ ಜುಲೈನಲ್ಲಿ ಶೀನಣ್ಣ ಎಂದಿನಂತೆ ಪ್ಲಾಸ್ಟಿಕ್ ಚೀಲದಲ್ಲಿ ತನ್ನ ಕಾಗದ ಪತ್ರ ತಂದು ನನ್ನ ಮೇಜಿನ ಮೇಲೆ ಸುರಿದ. ಅದರಲ್ಲಿ ಹೊರದೇಶದ ಒಂದು ಚೀಟಿ.

“ಇದೇನೋ?” ಅಂದೆ.

“ಮನೇಲಿ ಅವಳಿಗೆ ಏನೋ ಬರತ್ತಲ್ಲ, ಆ ಹುಲ್ಲಿಂದು. ನನ್ನದರಲ್ಲೇ ಸೇರಿಸ್ಬಿಡು ಹನುಮಂತು.”

ಸೇರಿಸಿಬಿಟ್ಟೆ. ‘ಇತರ ಆದಾಯ’ ಅಂತ ಒಂದು ಸಾಲು. ಮರು ವರ್ಷವೂ ಸೇರಿಸಿದೆ, ಅದರ ಮರು ವರ್ಷವೂ. ನಮ್ಮ ಕಡೆಯ ನೂರು ಮನೆಗಳಲ್ಲಿ ತೊಂಬತ್ತರಲ್ಲಿ ಹೀಗೇ ನಡೆಯುತ್ತಿತ್ತು. ಹೆಂಡತಿ ಟ್ಯೂಷನ್ ಹೇಳಲಿ, ಹಪ್ಪಳ ಮಾರಲಿ, ಹೊಲಿಗೆ ಹಾಕಲಿ, ರಿಟರ್ನ್ ಹಾಕುವವನು ಗಂಡ, ಎಲ್ಲವೂ ಅವನ ಕಾಗದದೊಳಗೆ. ಸರ್ಕಾರಕ್ಕೆ ಒಂದು ಕಾಸೂ ಮೋಸವಾಗುತ್ತಿರಲಿಲ್ಲ, ಇನ್ನೂ ಹೆಚ್ಚೇ ಹೋಗುತ್ತಿತ್ತು. ತಪ್ಪು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೆದೆ, ಅದನ್ನೇ ಹೇಳುತ್ತಿದ್ದೇನೆ.

೨೦೦೪ರ ಸೆಪ್ಟೆಂಬರಿನಲ್ಲಿ ಒಂದು ಬೆಳಗ್ಗೆ ನಮ್ಮ ಟೈಪಿಸ್ಟ್ ಶಿವಕುಮಾರಿ ಒಳಗೆ ಬಂದು, “ಸಾರ್, ಮೆಟ್ಲು ಮಧ್ಯ ಒಬ್ರು ಅಮ್ಮ ಕೂತ್ಬಿಟ್ಟಿದಾರೆ, ನಿಮ್ಮನ್ನೇ ಕೇಳ್ತಿದಾರೆ” ಅಂದಳು. ಹೋಗಿ ನೋಡಿದರೆ ಅತ್ತಿಗೆ. ಬಸ್ಸು ಬದಲಾಯಿಸಿಕೊಂಡು ಒಬ್ಬಳೇ ಬಂದಿದ್ದಳು. ನನ್ನ ಕಚೇರಿಗೆ ಅವಳು ಬಂದದ್ದು ಅದೇ ಮೊದಲು.

“ಅಯ್ಯೋ ಅತ್ತಿಗೆ, ಫೋನ್ ಮಾಡಿದ್ರೆ ನಾನೇ ಬರ್ತಿದ್ನಲ್ಲ!”

“ಮನೇಲಿ ಮಾತಾಡೋ ವಿಷಯ ಅಲ್ಲ ಹನುಮಂತಯ್ಯ,” ಅಂದಳು, ಉಸಿರು ಸೇರಿಸಿಕೊಳ್ಳುತ್ತ.

ಕೋಣೆಗೆ ಬಂದು ನೀರು ಕುಡಿದ ಮೇಲೆ ಬ್ಯಾಗಿನಿಂದ ಒಂದು ಕಾಗದ, ಒಂದು ಉದ್ದನೆಯ ಫಾರಂ ತೆಗೆದಳು. ಪ್ರಕಾಶಕರ ಲೆಕ್ಕ ವಿಭಾಗಕ್ಕೆ ಹೊಸದಾಗಿ ಬಂದ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಬರೆದಿದ್ದಳು. ‘ಇಷ್ಟು ವರ್ಷ ನಿಮ್ಮ ಹಣದಲ್ಲಿ ನಮ್ಮ ದೇಶದ ತೆರಿಗೆಯೆಂದು ಮೊದಲು ಕಾಲು ಭಾಗಕ್ಕಿಂತ ಹೆಚ್ಚು, ಈಚೆಗೆ ಐದರಲ್ಲೊಂದು ಭಾಗಕ್ಕಿಂತ ಹೆಚ್ಚು ಹಿಡಿದಿದ್ದೇವೆ. ಭಾರತಕ್ಕೂ ನಮಗೂ ಇರುವ ತೆರಿಗೆ ಒಪ್ಪಂದದ ಪ್ರಕಾರ ರಾಯಧನಕ್ಕೆ ಶೇಕಡಾ ಹತ್ತಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ನೀವು ಭಾರತದ ನಿವಾಸಿ ಎಂದು ನಿಮ್ಮ ತೆರಿಗೆ ಕಚೇರಿಯಿಂದ ಈ ಫಾರಂ ಮೇಲೆ ದೃಢೀಕರಣ ಮಾಡಿಸಿ ಬಾನ್ ನಗರದಲ್ಲಿರುವ ನಮ್ಮ ತೆರಿಗೆ ಕಚೇರಿಗೆ ಕಳಿಸಿ. ಹೆಚ್ಚಿಗೆ ಹಿಡಿದದ್ದು ವಾಪಸು ಬರುತ್ತದೆ. ಆದರೆ ಹಣ ಬಂದ ವರ್ಷ ಮುಗಿದು ನಾಲ್ಕು ವರ್ಷದೊಳಗೆ ಕೇಳಬೇಕು. ೨೦೦೦ನೇ ಇಸವಿಯದಕ್ಕೆ ಈ ಡಿಸೆಂಬರ್ ಮೂವತ್ತೊಂದೇ ಕೊನೆ.’

ನಾನು ಎರಡು ಸಲ ಓದಿದೆ. ಎಲ್ಲ ಸರಿಯಾಗಿತ್ತು.

“ಬರತ್ತಾ?” ಅಂದಳು.

“ಬಾರದೆ ಏನು ಅತ್ತಿಗೆ! ನೀವೇನು ಸಮುದ್ರ ದಾಟಿದೀರಾ? ವರ್ಷಕ್ಕೆ ನೂರಾ ಎಂಬತ್ತೆರಡು ದಿನ ಇಲ್ಲಿದ್ರೆ ನಿವಾಸಿ ಅಂತ ಲೆಕ್ಕ.”

“ನೂರಾ ಎಂಬತ್ತೆರಡಾ? ಮುನ್ನೂರ ಅರವತ್ತೈದೂ ಎಂಟನೇ ಕ್ರಾಸಲ್ಲೇ ಇದೀನಿ,” ಅಂತ ನಕ್ಕಳು. ಆಮೇಲೆ ಬ್ಯಾಗಿನಿಂದ ಇನ್ನೊಂದು ಕಾಗದ ತೆಗೆದಳು. ಕೆಳಗಿನ ಬೈಂಡಿಂಗ್ ಅಂಗಡಿಯವರು ಬರೆದುಕೊಟ್ಟ ಅಂದಾಜು ಪಟ್ಟಿ. ನನ್ನ ಹತ್ತಿರ ಬರುವ ಮುಂಚೆಯೇ ಅಲ್ಲಿ ಹೋಗಿದ್ದಳು!

ವಿಷಯ ಇದು. ಜರ್ಮನಿಯ ಪುಸ್ತಕಕ್ಕಲ್ಲದೆ, ತನ್ನ ಪಾಡಿಗೆ ತಾನು ಅವಳು ಬೆಂಗಳೂರಿನ ಅರವತ್ತೆರಡು ಹುಲ್ಲು ಬರೆದಿಟ್ಟಿದ್ದಳು. ಅದನ್ನು ಕನ್ನಡದಲ್ಲಿ ಒಂದು ಪುಸ್ತಕ ಮಾಡಬೇಕು, ಅಚ್ಚು ಹಾಕಿಸಿ ಶಾಲೆಗಳಿಗೆ ಹಂಚಬೇಕು. ಶೀನಣ್ಣ ಒಪ್ಪಿರಲಿಲ್ಲ. ‘ಹುಲ್ಲಿನ ಪುಸ್ತಕ ಯಾರು ಕೊಳ್ತಾರೆ, ಹಸುವಾ?’ ಅಂದಿದ್ದನಂತೆ. ಖಾತೆಯ ಹಣ ಮುಟ್ಟುವ ಹಾಗಿಲ್ಲ. ವಾಪಸು ಬರುವ ಈ ತೆರಿಗೆ ಯಾರ ಲೆಕ್ಕದಲ್ಲೂ ಇಲ್ಲದ ದುಡ್ಡು. ಐದು ವರ್ಷದ್ದು ಒಟ್ಟಾದರೆ ಅರವತ್ತೆರಡು ಚಿತ್ರಕ್ಕೂ ಸಾಕು ಅಂತ ಅವಳೇ ಕೂಡಿ ನೋಡಿದ್ದಳು.

“ಹಳೇ ಸೈಟೆಲ್ಲ ಅಪಾರ್ಟ್‌ಮೆಂಟ್ ಆಗೋಯ್ತು. ಇದರಲ್ಲಿ ಅರ್ಧ ಹುಲ್ಲು ಈಗ ಮಲ್ಲೇಶ್ವರದಲ್ಲೇ ಇಲ್ಲ,” ಅಂದಳು. “ಮಾರಕ್ಕ ಅಂತ ಹಸುವಿಗೆ ಹುಲ್ಲು ಕೊಯ್ಯೋಕೆ ಬರ್ತಿದ್ಲು. ಒಂದೊಂದರ ಹೆಸರೂ ಅವಳೇ ಹೇಳ್ಕೊಟ್ಟಿದ್ದು. ಎಲ್ಲಾ ಇಲ್ಲಿದೆ.” ಹಣೆ ಮುಟ್ಟಿಕೊಂಡು ತೋರಿಸಿದಳು. “ಅಚ್ಚಿಗೆ ಕೊಡುವಾಗ ಕೂತು ಬರೆದ್ಬಿಡ್ತೀನಿ.”

ನಾನು ಎದೆ ತಟ್ಟಿಕೊಂಡು ಹೇಳಿದೆ, ಹದಿನೈದು ದಿನದಲ್ಲಿ ಮಾಡಿಸಿಕೊಡ್ತೀನಿ ಅಂತ. ಥೂ ನನ್ನ ಮುಖಕ್ಕೆ.

ಆಗ ನಮ್ಮಲ್ಲಿ ಈ ಪ್ರಮಾಣಪತ್ರಕ್ಕೆ ಅಂತ ಅಚ್ಚಾದ ಅರ್ಜಿಯೇ ಇರಲಿಲ್ಲ. ಬಿಳಿ ಕಾಗದದಲ್ಲಿ ಅರ್ಜಿ ಬರೆದು, ಆಧಾರಗಳನ್ನು ಲಗತ್ತಿಸಿ, ನಮ್ಮ ತೆರಿಗೆ ಲೆಕ್ಕ ನೋಡುವ ಅಧಿಕಾರಿಗೆ ಕೊಡಬೇಕು. ಒಪ್ಪಂದದ ಪ್ರತಿ, ಪ್ರಕಾಶಕರು ವರ್ಷವರ್ಷ ಹಿಡಿದ ತೆರಿಗೆಯ ಚೀಟಿ, ಬ್ಯಾಂಕಿನ ಜಮಾ ಚೀಟಿ, ರೇಷನ್ ಕಾರ್ಡು, ಮತದಾರರ ಚೀಟಿ, ಎಲ್ಲ ಜೋಡಿಸಿದೆ. ಅವರದು ಜನವರಿಯಿಂದ ಡಿಸೆಂಬರ್, ನಮ್ಮದು ಏಪ್ರಿಲ್‌ನಿಂದ ಮಾರ್ಚ್. ಅವರ ಯಾವ ವರ್ಷದ ಹಣ ನಮ್ಮ ಯಾವ ವರ್ಷಕ್ಕೆ ಸೇರುತ್ತದೆ ಅಂತ ಒಂದು ಪಟ್ಟಿ ಮಾಡಿ ಶಿವಕುಮಾರಿಯಿಂದ ಟೈಪು ಮಾಡಿಸಿದೆ. ಫೈಲು ನೋಡಲು ಚೆಂದವಾಗಿತ್ತು.

ಅಧಿಕಾರಿ ಶಿವರುದ್ರಪ್ಪನವರು ನಿಧಾನಸ್ಥರು, ಓದದೆ ಸಹಿ ಹಾಕುವವರಲ್ಲ. ಅರ್ಧ ಗಂಟೆ ಓದಿದರು.

“ಹನುಮಂತಯ್ಯನವ್ರೇ, ಈಯಮ್ಮ ನಮ್ಮ ಹತ್ರ ರಿಟರ್ನ್ ಹಾಕ್ತಾರಾ?”

“ಇಲ್ಲ ಸಾರ್.”

“ಪ್ಯಾನ್ ನಂಬರ್?”

“ಇಲ್ಲ ಸಾರ್. ಮಾಡಿಸ್ತೀನಿ.”

“ಮಾಡಿಸಿ. ಆದ್ರೆ ಈ ಜರ್ಮನಿ ದುಡ್ಡನ್ನ ಇಲ್ಲಿ ಎಲ್ಲಿ ತೋರ್ಸಿದೀರಿ?”

“ಗಂಡನ ರಿಟರ್ನಲ್ಲಿ ಸಾರ್.”

ಶೀನಣ್ಣನ ಫೈಲು ತರಿಸಿದರು. ನನ್ನದೇ ಕೈಬರಹ. ಏಳು ವರ್ಷ, ಏಳು ಸಾಲು.

“ಏನ್ರೀ ಇದು? ಇಲ್ಲಿ ಈ ಆದಾಯ ಗಂಡಂದು ಅಂತ ನೀವೇ ಬರೆದಿದೀರಿ. ಅಲ್ಲಿ ಜರ್ಮನಿಯವರಿಗೆ, ಇದು ಹೆಂಡತೀದು, ಆಕೆ ನಮ್ಮಲ್ಲಿ ತೆರಿಗೆಗೆ ಒಳಪಟ್ಟ ನಿವಾಸಿ ಅಂತ ನಾನು ಮೊಹರು ಹಾಕ್ಬೇಕಾ? ಒಂದೇ ದುಡ್ಡಿಗೆ ಇಬ್ಬರು ಒಡೆಯರಾ?”

ಅವರ ಮಾತಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅವರು ಒಳ್ಳೆಯವರು, ದಾರಿಯನ್ನೂ ಹೇಳಿದರು. ಆಕೆ ಪ್ಯಾನ್ ಮಾಡಿಸಲಿ. ಅವಕಾಶವಿರುವ ಎರಡು ವರ್ಷಕ್ಕೆ ತನ್ನ ಹೆಸರಲ್ಲಿ ರಿಟರ್ನ್ ಹಾಕಲಿ, ಗಂಡ ಅವೇ ವರ್ಷಗಳದನ್ನು ತಿದ್ದಲಿ. ಹಳೆಯ ವರ್ಷಗಳ ಗಡುವು ದಾಟಿದೆ, ಅದಕ್ಕೆ ಗಂಡ ಛಾಪಾ ಕಾಗದದ ಮೇಲೆ ಅಫಿಡವಿಟ್ ಕೊಡಲಿ, ಚಿತ್ರ ಬರೆದದ್ದು ಹೆಂಡತಿ, ಆದಾಯ ಅವಳದು, ತಿಳಿವಳಿಕೆ ತಪ್ಪಿ ತನ್ನ ರಿಟರ್ನಿನಲ್ಲಿ ತೋರಿಸಿದೆ ಅಂತ. “ಅದು ಬಂದ ವಾರದಲ್ಲಿ ಸಹಿ ಮಾಡ್ತೀನಿ,” ಅಂದರು.

ಪ್ಯಾನ್ ಅರ್ಜಿ ಕೊಟ್ಟೆವು. ನವೆಂಬರಿನಲ್ಲಿ ಕಾರ್ಡು ಬಂತು. ಅತ್ತಿಗೆ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಆ ಕಾರ್ಡಿನಲ್ಲಿ ಗಂಡನ ಹೆಸರು ಇರುವುದಿಲ್ಲ, ತಂದೆಯ ಹೆಸರು ಇರುತ್ತದೆ.

“ಅಪ್ಪನ ಹೆಸರು ಹಾಕಿದಾರೆ,” ಅಂದಳು. “ಮೂವತ್ತು ವರ್ಷದ ಮೇಲೆ ಅಪ್ಪನ ಹೆಸರು ನನ್ನ ಹೆಸರಿನ ಪಕ್ಕ ನೋಡ್ತಿದೀನಿ.” ಅಲ್ಲೇ ಕಣ್ಣೊರೆಸಿಕೊಂಡಳು. ನಾನು ಫೈಲು ತಿರುವಿದೆ.

ಉಳಿದದ್ದು ಶೀನಣ್ಣನ ಸಹಿ. ಅದೇನು ಮಹಾ ಅಂದುಕೊಂಡು ಒಂದು ಭಾನುವಾರ ಎಂಟನೇ ಕ್ರಾಸಿಗೆ ಹೋದೆ. ಕಾಫಿ ಬಂತು, ಜತೆಗೆ ಸಂಪಿಗೆ ರಸ್ತೆಯ ಅಂಗಡಿಯ ಖಾರಾಬೂಂದಿ. ಶೀನಣ್ಣ ಕನ್ನಡಕ ಹಾಕಿಕೊಂಡು ಅಫಿಡವಿಟ್ಟಿನ ಕರಡು ಓದಿದ. ಓದುತ್ತ ಓದುತ್ತ ಅವನ ಮುಖ ಕೆಂಪಾಯಿತು.

“ಏನೋ ಇದು ಹನುಮಂತು? ‘ಸದರಿ ಆದಾಯದಲ್ಲಿ ನನಗೆ ಯಾವುದೇ ಹಕ್ಕು ಇರುವುದಿಲ್ಲ’... ಯಾರು ಬರೆದಿದ್ದು?”

“ನಾನೇ. ಹಾಗೇ ಬರೀಬೇಕು ಕಣೋ.”

“ಇಷ್ಟು ವರ್ಷ ನಾನು ಹೆಂಡತಿ ದುಡ್ಡನ್ನ ನಂದು ಅಂತ ಸುಳ್ಳು ಹೇಳ್ದೆ ಅಂತ ಛಾಪಾ ಕಾಗದದಲ್ಲಿ ಬರ್ಕೊಡ್ಲಾ? ನಾಳೆ ಇಲಾಖೆಯವರು ಮನೆ ಬಾಗಿಲಿಗೆ ಬಂದ್ರೆ?”

“ಯಾರೂ ಬರಲ್ಲ. ನೀನು ಹೆಚ್ಚಿಗೇ ತೆರಿಗೆ ಕಟ್ಟಿದೀಯ. ತಪ್ಪು ನಂದು ಅಂತ ನಾನೂ ಬರ್ಕೊಟ್ಟಿದೀನಿ.”

“ನಮ್ಮ ಮನೇಲಿ ನಿಂದು ನಂದು ಅಂತ ಇಲ್ಲ ಹನುಮಂತು. ಎಲ್ಲಾ ಒಂದೇ. ಒಂದೇ ಅಂದ್ಮೇಲೆ ಯಾಕೆ ಬರೀಬೇಕು?”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಒಳಗೆ ಹೋಗಿ ಒಂದು ಬಿಳಿ ಹಾಳೆ, ಒಂದು ಪೆನ್ಸಿಲ್ ತಂದು ಅವನ ಮುಂದಿಟ್ಟಳು.

“ಎಲ್ಲಾ ಒಂದೇ ಅಂದ್ರಲ್ವಾ? ಒಂದು ಗರಿಕೆ ಬರೀರಿ. ಇಪ್ಪತ್ತೊಂದು ಬೇಡ, ಒಂದೇ ಎಳೆ ಸಾಕು. ಬರೆದ್ರೆ ಎಲ್ಲಾ ನಿಮ್ಮದೇ ಅಂತ ನಾನೇ ಛಾಪಾ ಕಾಗದದಲ್ಲಿ ಬರ್ಕೊಡ್ತೀನಿ.”

ಅವಳು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ಶೀನಣ್ಣ ಪೆನ್ಸಿಲನ್ನು ನೋಡಿದ, ನನ್ನನ್ನು ನೋಡಿದ, ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಗೆಳೆಯನ ಎದುರು ಅವಮಾನವಾಯಿತು ಅನ್ನುವುದೊಂದೇ ಅವನ ತಲೆಯಲ್ಲಿತ್ತು. ನಾನು ಇಲ್ಲದಿದ್ದರೆ ಸಹಿ ಹಾಕುತ್ತಿದ್ದನೇನೋ ಅಂತ ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ.

ನಾನು ಫೋನ್ ಮಾಡಿದೆ, ಬೈದೆ, ಬೇಡಿಕೊಂಡೆ. ನಾಲ್ಕು ದಿನ ಮಾತು ಬಿಟ್ಟೆ, ಮತ್ತೆ ಹೋದೆ. “ನೋಡೋಣ” ಅನ್ನುವುದನ್ನು ಬಿಟ್ಟು ಬೇರೆ ಮಾತಿಲ್ಲ. ಡಿಸೆಂಬರ್ ಹತ್ತಾಯಿತು, ಇಪ್ಪತ್ತಾಯಿತು. ಶಿವರುದ್ರಪ್ಪನವರೇ ಒಂದು ದಿನ ಕೇಳಿದರು, ಎಲ್ಲಿ ಬಂತು ನಿಮ್ಮ ಅಫಿಡವಿಟ್ಟು ಅಂತ.

ಮೂವತ್ತೊಂದನೆಯ ತಾರೀಖು ಸಂಜೆ ಕಚೇರಿಗೆ ಫೋನು ಬಂತು.

“ಇವತ್ತಿಗೆ ಮುಗೀತಲ್ವಾ ಹನುಮಂತಯ್ಯ?”

“ಒಂದು ವರ್ಷದ್ದು ಮಾತ್ರ ಅತ್ತಿಗೆ. ಉಳಿದ ನಾಲ್ಕು ವರ್ಷದ್ದು ಇದ್ದೇ ಇದೆ.”

“ಗೊತ್ತು. ಅದಕ್ಕೇ ಮಧ್ಯಾಹ್ನ ಕೂತ್ಕೊಂಡು ಹನ್ನೆರಡು ಹುಲ್ಲು ತೆಗೆದಿಟ್ಟೆ. ಉಳಿದ ದುಡ್ಡು ಐವತ್ತಕ್ಕೆ ಸಾಕಾಗತ್ತೆ,” ಅಂದಳು. ಆಮೇಲೆ, “ಯಾವ್ದನ್ನ ತೆಗೀಬೇಕು ಅಂತಾನೇ ಗೊತ್ತಾಗ್ಲಿಲ್ಲ,” ಅಂದಳು. ಆರೋಗ್ಯ ನೋಡಿಕೊಳ್ಳಿ ಅಂದೆ.

ಜನವರಿ ಏಳಕ್ಕೆ ಅತ್ತಿಗೆಗೆ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಿದರು. ಮರುದಿನ ನಾನು ಬೀಗ ತೆಗೆಯುವ ಹೊತ್ತಿಗೆ ಶೀನಣ್ಣ ನನ್ನ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದ, ಅವಳು ಅವತ್ತು ಕೂತಿದ್ದ ಅದೇ ಜಾಗದಲ್ಲಿ. ಗಡ್ಡ ಬೋಳಿಸಿರಲಿಲ್ಲ.

“ಎಲ್ಲಿ ಹಾಕ್ಬೇಕೋ ಸಹಿ?” ಅಂದ.

ಕರಡನ್ನು ಮತ್ತೊಮ್ಮೆ ಓದಲಿಲ್ಲ. ನೋಟರಿಯ ಎದುರು ಮೂರು ಕಡೆ ಸಹಿ ಹಾಕಿದ. ಬಸ್ಸಿಗೆ ಕಾಯುವಾಗ ನನ್ನ ಕೈ ಹಿಡಿದುಕೊಂಡ. “ಬೇಗ ಮಾಡಿಸೋ ಹನುಮಂತು. ಅವಳು ನನ್ನ ಹತ್ರ ಮಾತಾಡ್ತಾಳೆ, ಆದ್ರೆ ಇದರ ಬಗ್ಗೆ ಒಂದು ಮಾತೂ ಆಡಲ್ಲ.”

ರಿಟರ್ನುಗಳೆಲ್ಲ ಸಲ್ಲಿಕೆಯಾದವು. ಶಿವರುದ್ರಪ್ಪನವರು ಮಾತಿಗೆ ತಪ್ಪಲಿಲ್ಲ. ಒಂದು ತೊಡಕು ಮಾತ್ರ ಬಂತು. ಹೊರದೇಶದ ಫಾರಂ ಮೇಲೆ ನಮ್ಮ ಮೊಹರು ಹಾಕುವ ರೂಢಿ ಇಲ್ಲ, ನಮ್ಮ ಕಚೇರಿಯ ತಲೆಬರಹದ ಕಾಗದದಲ್ಲಿ ಕೊಡುತ್ತೇನೆ ಅಂದರು. ಜರ್ಮನಿಯವರು ಆ ಫಾರಂನಲ್ಲೇ ಒಂದು ಚೌಕ ಬಿಟ್ಟಿದ್ದಾರೆ, ಅದರಲ್ಲೇ ತಾರೀಖು, ಸಹಿ, ಮೊಹರು ಬೇಕು ಅಂತ ನಾನು ಪ್ರಕಾಶಕರ ಕಾಗದ ತೋರಿಸಿದೆ. ಅವರು ಮೇಲಧಿಕಾರಿಯನ್ನು ಕೇಳಿ ಬಂದು ಎರಡರ ಮೇಲೂ ಹಾಕಿಕೊಟ್ಟರು. ಜನವರಿ ಇಪ್ಪತ್ತೈದು. ತಲೆಬರಹದ ಕಾಗದದಲ್ಲಿ ಆಂಡಾಳ್ ಅವರ ಹೆಸರು, ತಂದೆಯ ಹೆಸರು, ಪ್ಯಾನ್ ಸಂಖ್ಯೆ, ಎಂಟನೇ ಕ್ರಾಸಿನ ವಿಳಾಸ, ಇಂಥ ಇಂಥ ವರ್ಷಗಳಲ್ಲಿ ಒಪ್ಪಂದದ ಅರ್ಥದಲ್ಲಿ ಭಾರತದ ನಿವಾಸಿ ಅಂತ.

ನೆಟ್ಟಗೆ ಆಸ್ಪತ್ರೆಗೆ ಹೋದೆ. ದಿಂಬಿಗೆ ಒರಗಿಸಿ ಕೂರಿಸಿದರು. ಅತ್ತಿಗೆ ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ಓದಿದಳು. ಶೀನಣ್ಣ ಕಿಟಕಿಯ ಹತ್ತಿರ ನಿಂತಿದ್ದ.

“ಇದನ್ನ ಅವರಿಗೆ ಕಳಿಸಿದ್ಮೇಲೆ ನಮ್ಮ ಹತ್ರ ಏನು ಉಳಿಯತ್ತೆ?”

“ಜೆರಾಕ್ಸ್ ಇಟ್ಕೊಂಡಿರ್ತೀನಿ ಅತ್ತಿಗೆ.”

“ಎರಡು ಮಾಡಿಸಿ. ಒಂದು ನಂಗೆ.”

ಫಾರಂನ ಕೊನೆಯಲ್ಲಿ ಅವಳ ಸಹಿ ಬೇಕಿತ್ತು. ಕೈ ನಡುಗುತ್ತಿತ್ತು. ಹುಲ್ಲಿನ ಕಾಳಿನ ಮೇಲಿನ ರೋಮವನ್ನೂ ಬರೆಯುತ್ತಿದ್ದ ಕೈ. ನಿಧಾನವಾಗಿ ಸಹಿ ಮಾಡಿ, “ಈ ಸಹಿ ಅವರಿಗೆ ಗೊತ್ತಾಗತ್ತಾ?” ಅಂತ ಕೇಳಿದಳು. ಗೊತ್ತಾಗತ್ತೆ ಅಂದೆ. “ವಾರ್ಡಿಗೆ ಒಂದು ನೋಟ್‌ಬುಕ್ ತಂದ್ಕೊಡಿ ಹನುಮಂತಯ್ಯ, ಹೆಸರೆಲ್ಲ ಬರೆದ್ಬಿಡ್ತೀನಿ,” ಅಂದಳು. ಡಾಕ್ಟರು ಆಯಾಸ ಮಾಡಿಕೊಳ್ಳಬೇಡಿ ಅಂದರು. ಮನೆಗೆ ಹೋದ ಮೇಲೆ ಬರೆದರಾಯಿತು ಅಂತ ನಾನೂ ಅಂದೆ. ನೋಟ್‌ಬುಕ್ ತಂದುಕೊಡಲಿಲ್ಲ. ಇದು ನನ್ನ ಎರಡನೆಯ ತಪ್ಪು. ಐದು ರೂಪಾಯಿಯ ನೋಟ್‌ಬುಕ್ಕು.

ಫಾರಂ ಬಾನ್‌ಗೆ ಹೋಯಿತು. ಫೆಬ್ರವರಿ ಹನ್ನೊಂದಕ್ಕೆ ಆಂಡಾಳ್ ತೀರಿಕೊಂಡಳು.

ಆಮೇಲಿನದು ಬರೀ ಕಾಗದ. ಸುದ್ದಿ ತಿಳಿಸಿ ಜರ್ಮನಿಗೆ ಬರೆದೆ. ಅವರು ಮರಣ ಪ್ರಮಾಣಪತ್ರ, ವಾರಸುದಾರರ ಪತ್ರ ಕೇಳಿದರು. ತಾಲ್ಲೂಕು ಕಚೇರಿಗೆ ಅಲೆದು ಮಾಡಿಸಿದೆವು. ಸೆಪ್ಟೆಂಬರಿನಲ್ಲಿ ನಾಲ್ಕು ವರ್ಷದ ಹೆಚ್ಚುವರಿ ತೆರಿಗೆ ವಾಪಸು ಬಂತು. ಐವತ್ತು ಹುಲ್ಲಿಗೆ ಸಾಕಾಗುವಷ್ಟು, ಅವಳು ಲೆಕ್ಕ ಹಾಕಿದ ಹಾಗೇ.

ಶೀನಣ್ಣ ಅಂದೇ ಚಿತ್ರಗಳ ಪೆಟ್ಟಿಗೆ ಹೊತ್ತು ಆಟೋದಲ್ಲಿ ಬಂದ. ಬೈಂಡಿಂಗ್ ಅಂಗಡಿಯವರ ಮುಂದೆ ಒಂದೊಂದೇ ಹರಡಿದೆವು. ಒಂದೊಂದೂ ಈಗ ತಾನೇ ಕಿತ್ತು ಹಾಳೆಯ ಮೇಲೆ ಇಟ್ಟಂತಿತ್ತು. ಹಿಂದೆ ತಿರುಗಿಸಿ ನೋಡಿದರೆ ತಾರೀಖು ಇದೆ, ಸಿಕ್ಕಿದ ಜಾಗ ಇದೆ, ‘ಹದಿನೈದನೇ ಕ್ರಾಸ್ ಖಾಲಿ ಸೈಟು, ಮಳೆ ಬಂದ ಮರುದಿನ’ ಅಂತೆಲ್ಲ ಇದೆ. ಹೆಸರು ಮಾತ್ರ ಯಾವುದಕ್ಕೂ ಇಲ್ಲ.

“ಇದು ಗರಿಕೆ,” ಅಂದ ಶೀನಣ್ಣ. “ಇದು ಕೊನ್ನಾರಿ ಇರ್ಬೇಕು. ಇದು...” ಮುಂದಕ್ಕೆ ಹೋಗಲಿಲ್ಲ. ಐವತ್ತರಲ್ಲಿ ನಮ್ಮಿಬ್ಬರಿಗೆ ಗೊತ್ತಾದದ್ದು ನಾಲ್ಕು. ಮಾರಕ್ಕನನ್ನು ಹುಡುಕಿಕೊಂಡು ನಾನು ಮೂರು ಭಾನುವಾರ ತಿರುಗಿದೆ. ಅವಳ ಕೊಟ್ಟಿಗೆ ಇದ್ದ ಜಾಗದಲ್ಲಿ ಐದು ಅಂತಸ್ತಿನ ಕಟ್ಟಡ ನಿಂತಿತ್ತು, ಅವಳು ಎಲ್ಲಿಗೆ ಹೋದಳೋ ಯಾರಿಗೂ ಗೊತ್ತಿರಲಿಲ್ಲ. ಕಾಲೇಜಿನವರನ್ನು ಕೇಳಿದರೆ ಲ್ಯಾಟಿನ್ ಹೆಸರು ಹೇಳಿದರು. ಅದು ಬೇಡ ಅಂದ ಶೀನಣ್ಣ, ಅವಳಿಗೆ ಬೇಕಾಗಿದ್ದದ್ದು ಅದಲ್ಲ ಅಂದ. ಪೆಟ್ಟಿಗೆ ವಾಪಸು ಮನೆಗೆ ಹೋಯಿತು. ಆ ದುಡ್ಡು ಇವತ್ತಿಗೂ ಹಾಗೇ ಇದೆ.

ಕೊನೆಯದು ೨೦೦೬ರ ಜುಲೈ. ಶೀನಣ್ಣ ಎಂದಿನ ಪ್ಲಾಸ್ಟಿಕ್ ಚೀಲ ತಂದು ಮೇಜಿನ ಮೇಲಿಟ್ಟ. ಸುರಿಯಲಿಲ್ಲ. ಒಳಗಿಂದ ಜರ್ಮನಿಯ ಚೀಟಿಯನ್ನು ತಾನೇ ತೆಗೆದು, ಬೇರೆಯಾಗಿ ನನ್ನ ಮುಂದಿಟ್ಟ. ಅವಳು ಹೋದ ಮೇಲೆ, ಹಿಂದಿನ ವರ್ಷದ ಮೇ ತಿಂಗಳಲ್ಲಿ ಬಂದ ರಾಯಧನ.

“ಇದನ್ನ ನನ್ನದರಲ್ಲಿ ಸೇರಿಸ್ಬೇಡ ಹನುಮಂತು. ಅವಳದರಲ್ಲಿ ಹಾಕು. ಪ್ಯಾನ್ ಇದೆಯಲ್ಲ ಅವಳದು. ಕಾರ್ಡು ತಂದಿದೀನಿ.” ಅಂಗಿಯ ಜೇಬಿನಿಂದ ಕಾರ್ಡು ತೆಗೆದ. ಅದನ್ನು ದಿನವೂ ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದನೆಂದು ಅದರ ಸವೆದ ಅಂಚು ನೋಡಿದರೆ ಗೊತ್ತಾಗುತ್ತಿತ್ತು.

ಎಂಟು ವರ್ಷದ ಹಿಂದೆ ಒಂದು ಸಾಲು ಬರೆಯುವಾಗ ಎಷ್ಟು ಸುಲಭವಾಗಿ ಪೆನ್ನು ಓಡಿತ್ತು!

“ಆಗಲ್ಲ ಕಣೋ,” ಅಂದೆ. “ಹೋದ ವರ್ಷ ತೋರ್ಸಿದ್ದು ಅತ್ತಿಗೆ ಇದ್ದಾಗ ಬಂದ ದುಡ್ಡು. ವಾರಸುದಾರ ಅಂತ ನಿನ್ನ ಸಹಿ ಹಾಕ್ಸಿ ಅವರ ಹೆಸರಲ್ಲೇ ರಿಟರ್ನ್ ಕೊಟ್ವಿ. ಇದು ಅವರು ಹೋದ್ಮೇಲೆ ಬಂದಿದ್ದು. ಹಕ್ಕು ನಿಂಗೆ ಬಂದಿದೆ. ಈಗ ಇದು ನಿಂದೇ. ನಿನ್ನದರಲ್ಲೇ ಸೇರ್ಬೇಕು. ಜರ್ಮನಿಯವರಿಗೂ ಇನ್ಮೇಲೆ ಅವರ ನಿವಾಸಿ ಪತ್ರ ನಡೆಯಲ್ಲ, ಶೀನಣ್ಣ ಭಾರತದ ನಿವಾಸಿ ಅಂತ ಹೊಸದಾಗಿ ಮಾಡಿಸ್ಬೇಕು.”

“ಅದರಲ್ಲಿ ಅವಳ ಹೆಸರು ಎಲ್ಲಿ ಬರತ್ತೆ?”

“ಬರಲ್ಲ.”

ಶಿವಕುಮಾರಿ ಟೈಪು ಮಾಡುವುದನ್ನು ನಿಲ್ಲಿಸಿದಳು. ನಾನು ಬೇರೆ ಕೆಲಸ ಕಾಣದೆ ಚೀಲದಲ್ಲಿದ್ದುದನ್ನು ಒಂದೊಂದಾಗಿ ತೆಗೆದೆ. ಪಾಸ್‌ಬುಕ್ಕು, ಪಿಂಚಣಿ ಚೀಟಿ, ವಿಮೆಯ ರಸೀತಿ. ಅವುಗಳ ಕೆಳಗೆ ಮಕ್ಕಳು ಬರೆಯುವಂಥ ಒಂದು ಡ್ರಾಯಿಂಗ್ ಪುಸ್ತಕ. ಕಾಗದದ ಜತೆ ಹೇಗೋ ಸೇರಿ ಬಂದಿತ್ತು. ತೆರೆದರೆ ಎಲ್ಲ ಪುಟದಲ್ಲೂ ಗರಿಕೆ. ಬರೆದು ಅಳಿಸಿದ್ದು, ಬರೆದು ಹೊಡೆದುಹಾಕಿದ್ದು, ರಬ್ಬರು ಉಜ್ಜಿ ಹಾಳೆ ಹರಿದದ್ದು. ಪುಟ ತಿರುಗಿಸಿದಷ್ಟೂ ಗರಿಕೆ. ಒಂದೂ ಗರಿಕೆಯ ಹಾಗೆ ಇರಲಿಲ್ಲ.

ಶೀನಣ್ಣ ಅದನ್ನು ನನ್ನ ಕೈಯಿಂದ ಕಿತ್ತುಕೊಳ್ಳಲಿಲ್ಲ.

“ಒಂದೂವರೆ ವರ್ಷದಿಂದ ದಿನಾ ಬರೀತಿದೀನಿ,” ಅಂದ. “ಒಂದೇ ಎಳೆ ಕೇಳಿದ್ಲು ಕಣೋ. ಒಂದೂ ಬರ್ಲಿಲ್ಲ.” ಆಮೇಲೆ ಕನ್ನಡಕ ತೆಗೆದು ಮುಖ ಮುಚ್ಚಿಕೊಂಡು ಅತ್ತ. ನಾನೂ ಅತ್ತೆ, ಹೇಳಲು ನಾಚಿಕೆಯೇನಿಲ್ಲ.

ಬೀದಿಯಲ್ಲಿ ದೀಪ ಹಾಕುವ ಹೊತ್ತಿಗೆ ಶಿವಕುಮಾರಿ ಫಾರಂ ಟೈಪು ಮಾಡಿ ತಂದಳು. ಇತರ ಆದಾಯದ ಸಾಲು ಬಂದಾಗ ನಾನು ಪೆನ್ನು ಹಿಡಿದು ಅವನ ಕಡೆ ನೋಡಿದೆ.

“ಸೇರಿಸು,” ಅಂದ ಶೀನಣ್ಣ. ಜರ್ಮನಿಯ ಚೀಟಿಯನ್ನು ನೋಡಿ ಅವನ ರಿಟರ್ನಿನಲ್ಲಿ ಆ ಸಾಲನ್ನು ಬರೆದೆ. ಆ ಸಾಲು ಸರಿಯಾಗಿ ಬಿದ್ದದ್ದು ಅದೇ ಮೊದಲ ಸಲ.